F8 ಒತ್ತಿದ್ರೆ ಸೇಲ್ಸ್ ವೋಚರ್ ಬರಲ್ಲ, ವೈಫೈ ಹೋಗತ್ತೆ

ಲ್ಯಾಪ್‌ಟಾಪ್ ರಿಪೇರಿ ಮಾಡೋ ನಮ್ಮ ಹತ್ರ ಅಕೌಂಟೆಂಟ್‌ಗಳು ತರೋ ಕಂಪ್ಲೇಂಟ್‌ಗಳಲ್ಲಿ ಒಂದಕ್ಕೆ ಸ್ಕ್ರೂಡ್ರೈವರ್ ಬೇಕಾಗೋದೇ ಇಲ್ಲ. ಇತ್ತೀಚೆಗೆ ಒಬ್ರು ಮೇಡಂ ಥಿಂಕ್‌ಪ್ಯಾಡ್ T480 ಹಿಡ್ಕೊಂಡು ಬಂದ್ರು, "ಸಾರ್, ಕೀಬೋರ್ಡ್ ಹೋಗಿದೆ, ಹೊಸದು ಹಾಕ್ಬೇಕು ಅಂತ ಅಂಗಡಿಯವ್ರು ಹೇಳಿದ್ರು, ಟ್ಯಾಲಿಲಿ ಒಂದು ಎಂಟ್ರಿನೂ ಹಾಕೋಕಾಗ್ತಿಲ್ಲ" ಅಂದ್ರು. ಅವ್ರ ಹಳೇ ಡೆಸ್ಕ್‌ಟಾಪ್‌ನಲ್ಲಿ F4 ಅಂದ್ರೆ ಕಾಂಟ್ರಾ, F5 ಪೇಮೆಂಟ್, F6 ರಿಸೀಟ್, F7 ಜರ್ನಲ್, F8 ಸೇಲ್ಸ್, F9 ಪರ್ಚೇಸ್, ಇದೆಲ್ಲ ಬೆರಳಿಗೇ ಬಾಯಿಪಾಠ ಆಗಿರತ್ತೆ. ಈ ಲ್ಯಾಪ್‌ಟಾಪ್‌ನಲ್ಲಿ F4 ಒತ್ತಿದ್ರೆ ಮೈಕ್ ಆಫ್, F5 ಒತ್ತಿದ್ರೆ ಸ್ಕ್ರೀನ್ ಮಂಕು, F6 ಒತ್ತಿದ್ರೆ ಬೆಳಕು ಜಾಸ್ತಿ, F7ಗೆ ಪ್ರೊಜೆಕ್ಟರ್ ಆಯ್ಕೆ ಬರತ್ತೆ, F9ಗೆ ವಿಂಡೋಸ್ ಸೆಟ್ಟಿಂಗ್ಸ್ ತೆರ್ಕೊಳತ್ತೆ. ಎಲ್ಲಕ್ಕಿಂತ ಕೆಟ್ಟದ್ದು F8, ಅದು ವೈರ್‌ಲೆಸ್ಸನ್ನೇ ಆಫ್ ಮಾಡತ್ತೆ, ಕಂಪನಿ ಡೇಟಾ ಇನ್ನೊಂದು ಸಿಸ್ಟಮ್‌ನಲ್ಲಿದ್ದು ವೈಫೈ ಮೇಲೆ ಓಪನ್ ಮಾಡಿದ್ರೆ ಸೇಲ್ಸ್ ಎಂಟ್ರಿ ಹಾಕೋಕೆ ಹೋದ ತಕ್ಷಣ ಕನೆಕ್ಷನ್ನೇ ಕಟ್. ನೋಡಿದವ್ರಿಗೆ ಟ್ಯಾಲಿ ಕೆಟ್ಟಿದೆ, ನೆಟ್‌ವರ್ಕ್ ಕೆಟ್ಟಿದೆ, ಕೀಬೋರ್ಡ್ ಕೆಟ್ಟಿದೆ, ಮೂರೂ ಅನ್ಸತ್ತೆ.

ಆದ್ರೆ ಏನೂ ಕೆಟ್ಟಿಲ್ಲ. ಮೇಲಿನ ಸಾಲಿನ ಪ್ರತಿ ಕೀಗೂ ಎರಡು ಕೆಲ್ಸ ಇದೆ, ಯಾವ್ದು ಮೊದ್ಲು ಅಂತ ತೀರ್ಮಾನ ಮಾಡೋದು ಲ್ಯಾಪ್‌ಟಾಪ್ ಒಳಗಿರೋ ಒಂದು ಸಣ್ಣ ಕಂಟ್ರೋಲರ್ ಚಿಪ್. ನೀವು ಕೀ ಒತ್ತಿದಾಗ ಆ ಚಿಪ್ಪೇ "ಇದು F5" ಅಂತಲೋ "ಬೆಳಕು ಕಮ್ಮಿ ಮಾಡು" ಅಂತಲೋ ಸುದ್ದಿ ಕಳ್ಸತ್ತೆ. ಇನ್ನೊಂದು ಕೆಲ್ಸ ಬೇಕಾದಾಗ ಜೊತೆಗೆ ಹಿಡಿಯೋ Fn ಕೀ ಒತ್ತಿದ್ದು ಸಾಮಾನ್ಯವಾಗಿ ಚಿಪ್ಪಲ್ಲೇ ನಿಂತುಹೋಗತ್ತೆ, ವಿಂಡೋಸ್‌ಗೆ ಗೊತ್ತೇ ಆಗಲ್ಲ. ಹಾಗಾಗಿ ಟ್ಯಾಲಿ ತೆಗ್ದು ಮತ್ತೆ ಹಾಕಿದ್ರೂ, ಕೀ ಬದ್ಲಾಯಿಸೋ ಸಾಫ್ಟ್‌ವೇರ್ ಡೌನ್‌ಲೋಡ್ ಮಾಡಿದ್ರೂ ಪ್ರಯೋಜನ ಇಲ್ಲ, ತೀರ್ಮಾನ ಅದಕ್ಕಿಂತ ಕೆಳಗೇ ಆಗಿಹೋಗಿರತ್ತೆ.

ದುಡ್ಡು ಖರ್ಚು ಮಾಡೋಕೆ ಮುಂಚೆ ಒಂದು ಪರೀಕ್ಷೆ ಮಾಡಿ. ಟ್ಯಾಲಿಲಿ ವೋಚರ್ ಸ್ಕ್ರೀನ್ ತೆಗ್ದು, Fn ಹಿಡ್ಕೊಂಡು F8 ಒತ್ತಿ. ಸೇಲ್ಸ್ ಬಂತಾ? ಹಾಗಿದ್ರೆ ಕೀಬೋರ್ಡ್ ಚೆನ್ನಾಗೇ ಇದೆ, ಯಾವ ಕೆಲ್ಸ ಮೊದ್ಲು ಅಂತ ಹಿಡಿದಿಡೋ Fn ಲಾಕ್ ಮಾತ್ರ ಬೆಳಕು, ವೈಫೈ ಕಡೆ ಇದೆ. Fn ಜೊತೆಗೂ ಬರ್ಲಿಲ್ಲ, ಇಲ್ದೇನೂ ಏನೂ ಆಗ್ಲಿಲ್ಲ ಅಂದ್ರೆ ಒಂದು USB ಕೀಬೋರ್ಡ್ ಚುಚ್ಚಿ ನೋಡಿ, ಲ್ಯಾಪ್‌ಟಾಪ್‌ನ ಈ ಲಾಕ್‌ಗೂ ಅದಕ್ಕೂ ಸಂಬಂಧ ಇಲ್ಲ. ಅದ್ರಲ್ಲಿ F8 ಕೆಲ್ಸ ಮಾಡಿದ್ರೆ ಆಗ ಲ್ಯಾಪ್‌ಟಾಪ್ ಕೀ ಮೇಲೆ ಅನುಮಾನ ಪಡ್ಬಹುದು.

ಮೇಡಂಗೆ ಮೊದಲನೇ ಪರೀಕ್ಷೆಲೇ ಸೇಲ್ಸ್ ಬಂತು. ಆಮೇಲೆ Fn ಮತ್ತು Esc ಎರಡೂ ಒಟ್ಟಿಗೆ ಒಂದು ಸಲ ಒತ್ತಿಸಿದೆ, ಅಷ್ಟೇ, ಎಲ್ಲ ಹಳೇ ಥರ ಆಯ್ತು. Esc ಮೇಲೆ FnLk ಅಂತಲೋ ಬೀಗದ ಚಿತ್ರನೋ ಇದ್ರೆ ನಿಮ್ಮದ್ರಲ್ಲೂ ಇದೇ ದಾರಿ, ಲೆನೊವೊ, ಡೆಲ್‌ನ ಬಹಳಷ್ಟು ಮಾಡೆಲ್‌ಗಳಲ್ಲಿ ಹೀಗೇ. ಲಾಕ್ ದೀಪ ನೋಡಿ ತೀರ್ಮಾನ ಮಾಡ್ಬೇಡಿ, ಬರೀ F5 ಒತ್ತಿ ಪೇಮೆಂಟ್ ಬರತ್ತಾ ನೋಡಿ, ಅದೇ ಖಾತ್ರಿ.

ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಈ ಲಾಕ್ ಬದ್ಲಾಯಿಸೋಕೆ ಕೀ ಇರಲ್ಲ, ಅಥವಾ ಆಫ್ ಮಾಡಿ ಆನ್ ಮಾಡಿದ್ರೆ ಮತ್ತೆ ಹಳೇ ಹಾಡು. ಆಗ ವಿಂಡೋಸ್ ಶುರುವಾಗೋಕೆ ಮುಂಚೆ ತೆರೆಯೋ ಬಯೋಸ್ ಸೆಟ್ಟಿಂಗ್ಸ್‌ಗೇ ಹೋಗ್ಬೇಕು. HPಯ ಮನೆಬಳಕೆ ಮಾಡೆಲ್‌ಗಳಲ್ಲಿ ಪವರ್ ಆನ್ ಆಗ್ತಿದ್ದ ಹಾಗೆ F10 ಒತ್ತಿ, System Configuration ಒಳಗೆ Action Keys Mode ಅನ್ನೋದನ್ನ Disabled ಮಾಡಿ, F10 ಒತ್ತಿ ಸೇವ್ ಮಾಡಿದ್ರೆ ಆಯ್ತು. ಮ್ಯಾಕ್‌ನಲ್ಲಿ ಇಷ್ಟೂ ತಾಪತ್ರಯ ಇಲ್ಲ, ಸಿಸ್ಟಮ್ ಸೆಟ್ಟಿಂಗ್ಸ್‌ನ ಕೀಬೋರ್ಡ್ ಭಾಗದಲ್ಲೇ ಆಯ್ಕೆ ಇದೆ.

ಮೇಡಂ ಆಮೇಲೊಂದು ಒಳ್ಳೇ ಪ್ರಶ್ನೆ ಕೇಳಿದ್ರು, "ಲಾಕ್ ಬದ್ಲಾಯಿಸೋದು ಯಾಕೆ, Fn ಹಿಡ್ಕೊಂಡೇ ಒತ್ತಿದ್ರೆ ಆಗಲ್ವಾ?" ಅಂತ. ದಿನಕ್ಕೊಂದು ಎರಡು ಎಂಟ್ರಿ ಆದ್ರೆ ಆಗತ್ತೆ. ಆದ್ರೆ ಕ್ರೆಡಿಟ್ ನೋಟ್‌ಗೆ Alt+F6 ಬೇಕು, ಅಲ್ಲಿಗೆ Fn ಸೇರಿ ಮೂರು ಕೀ ಆಯ್ತು, ಇನ್ನು ಎಕ್ಸೆಲ್‌ನಲ್ಲಿ ಸೆಲ್ ತಿದ್ದೋಕೆ F2, ಡಾಲರ್ ಚಿಹ್ನೆ ಹಾಕೋಕೆ F4 ಸಾಲುಸಾಲಾಗಿ ಒತ್ತೋವಾಗ ಒಂದು ಸಲ Fn ತಪ್ಪಿದ್ರೂ ವಾಲ್ಯೂಮೋ ಮೈಕೋ ಬದ್ಲಾಗಿರತ್ತೆ. ಲೆಕ್ಕದ ಕೆಲ್ಸದವ್ರು F1ರಿಂದ F12 ಮೊದ್ಲು ಇರೋ ಹಾಗೇ ಇಟ್ಕೊಳ್ಳಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಬೆಳಕು ದಿನಕ್ಕೆ ಎಷ್ಟು ಸಲ ಬದಲಾಯಿಸ್ತೀರಿ, ಅದಕ್ಕೆ Fn ಒತ್ತಿದ್ರಾಯ್ತು. ಮನೇಲಿ ವಿಡಿಯೋ ನೋಡೋಕೆ, ಮೀಟಿಂಗ್‌ಗೆ ಮಾತ್ರ ಬಳಸೋವ್ರು ಮುಟ್ಟೋದೇ ಬೇಡ.

ಹೊಸದಾಗಿ ವಿಂಡೋಸ್ ಹಾಕಿಸಿದ ಮೇಲೆ ವಾಲ್ಯೂಮ್ ಕೀ ಸರಿಯಾಗಿದ್ದು ಮೈಕ್ ಕೀ ಮಾತ್ರ ಸುಮ್ನಿದ್ರೆ ಅದು ಲಾಕ್ ವಿಷ್ಯ ಅಲ್ಲ. ವಾಲ್ಯೂಮ್‌ನ ಸಂಕೇತ ವಿಂಡೋಸ್‌ಗೆ ಮೊದ್ಲೇ ಗೊತ್ತು, ಮೈಕ್ ಥರದ ಕೀಗಳಿಗೆ ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಕಂಪನಿಯ ಹಾಟ್‌ಕೀ ಡ್ರೈವರ್ ಬೇಕು, ನಿಮ್ಮ ಮಾಡೆಲ್ ನಂಬರ್ ಹಾಕಿ ಅವ್ರ ಸಪೋರ್ಟ್ ಪೇಜ್‌ನಿಂದಲೇ ಅದನ್ನ ಇಳಿಸ್ಕೊಳ್ಳಿ.