ಕಾರ್ಡಿನ ಖರೀದಿಯನ್ನು ಕಂತಿಗೆ ಬದಲಿಸಿದಾಗ ನಿಜವಾಗಿ ಕಟ್ಟುವುದೆಷ್ಟು?

ಈಚೆಗೆ ಪ್ರೌಢಶಾಲೆಯ ಶಿಕ್ಷಕಿಯೊಬ್ಬರು ತಮ್ಮ ಕ್ರೆಡಿಟ್ ಕಾರ್ಡಿನ ಬಿಲ್ಲನ್ನು ಹಿಡಿದು ನಮ್ಮ ಲೆಕ್ಕಪತ್ರ ಕಚೇರಿಗೆ ಬಂದಿದ್ದರು. ಕಾರ್ಡಿನಲ್ಲಿ 48,000 ರೂಪಾಯಿಯ ಫ್ರಿಜ್ ಖರೀದಿಸಿ, ಎರಡು ದಿನಗಳ ನಂತರ ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು 12 ತಿಂಗಳ ಕಂತಿಗೆ ಬದಲಿಸಿಕೊಂಡಿದ್ದರು. ವಾರ್ಷಿಕ ಬಡ್ಡಿ ಶೇ. 16, ತಿಂಗಳ ಕಂತು 4,355 ರೂಪಾಯಿ ಎಂದು ಆ್ಯಪ್ ತೋರಿಸಿತ್ತು. ಬಂದ ಮೊದಲ ಬಿಲ್ಲಿನಲ್ಲಿ ಮಾತ್ರ ಈ ಒಂದು ಖರೀದಿಗೇ 4,823 ರೂಪಾಯಿ ಇತ್ತು. "ಉಳಿದ 468 ರೂಪಾಯಿ ಎಲ್ಲಿಂದ ಬಂತು ಸರ್?" ಎಂಬುದು ಅವರ ಪ್ರಶ್ನೆಯಾಗಿತ್ತು. ಬ್ಯಾಂಕ್ ಇಲ್ಲಿ ತಪ್ಪು ಮಾಡಿರಲಿಲ್ಲ. ಆದರೆ ಒಪ್ಪಿಗೆಯ ಗುಂಡಿ ಒತ್ತುವ ಮೊದಲೇ ಈ ಪ್ರಶ್ನೆಗೆ ಉತ್ತರ ಅವರ ಕೈಯಲ್ಲಿರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಆ ಬಿಲ್ಲನ್ನು ಸಾಲು ಸಾಲಾಗಿ ಓದೋಣ. ಮೊದಲ ಸಾಲಿನಲ್ಲಿ ಅಸಲು 3,715 ರೂಪಾಯಿ, ಎರಡನೆಯದರಲ್ಲಿ ಬಡ್ಡಿ 640 ರೂಪಾಯಿ ಇದ್ದವು. ಎರಡೂ ಕೂಡಿದರೆ ಆ್ಯಪ್ ಹೇಳಿದ್ದ 4,355 ಆಗುತ್ತದೆ. 48,000 ರೂಪಾಯಿಗೆ ಶೇ. 16ರಂತೆ ವರ್ಷಕ್ಕೆ 7,680, ಅದರ ಹನ್ನೆರಡನೇ ಒಂದು ಭಾಗ 640, ಹಾಗಾಗಿ ಬಡ್ಡಿ ಸರಿಯಾಗಿಯೇ ಇದೆ. ಮೂರನೆಯ ಸಾಲಿನಲ್ಲಿ 299 ರೂಪಾಯಿ ಪ್ರೊಸೆಸಿಂಗ್ ಶುಲ್ಕವಿತ್ತು. ಕೊನೆಯ ಸಾಲು ಜಿಎಸ್‌ಟಿಯದು. ಶುಲ್ಕದ ಮೇಲೆ ಶೇ. 18ರಂತೆ ಸುಮಾರು 54 ರೂಪಾಯಿ, ಬಡ್ಡಿಯ ಮೇಲೆ ಶೇ. 18ರಂತೆ ಸುಮಾರು 115 ರೂಪಾಯಿ. ಅವರು ಕೇಳಿದ 468 ರೂಪಾಯಿ ಬಂದದ್ದು ಹೀಗೆ.

ಬಡ್ಡಿಯ ಮೇಲೂ ಜಿಎಸ್‌ಟಿ ಇರುತ್ತದೆ ಎಂಬುದೇ ಅವರಿಗೆ ಹೊಸ ವಿಷಯವಾಗಿತ್ತು, ಮತ್ತು ಅದರಲ್ಲಿ ಆಶ್ಚರ್ಯವೂ ಇಲ್ಲ, ಏಕೆಂದರೆ ಗೃಹಸಾಲದ ಬಡ್ಡಿಗಾಗಲಿ ವಾಹನಸಾಲದ ಬಡ್ಡಿಗಾಗಲಿ ಜಿಎಸ್‌ಟಿ ಬೀಳುವುದಿಲ್ಲ. ಸಾಲದ ಬಡ್ಡಿಗೆ ಕೊಟ್ಟಿರುವ ಈ ವಿನಾಯಿತಿಯಿಂದ ಕ್ರೆಡಿಟ್ ಕಾರ್ಡ್ ಸೇವೆಯ ಬಡ್ಡಿಯನ್ನು ಹೊರಗಿಡಲಾಗಿದೆ. ಆದ್ದರಿಂದ ಕಾರ್ಡಿನ ಕಂತಿಗೆ ಬ್ಯಾಂಕ್ ಹೇಳುವ ದರವನ್ನು 1.18ರಿಂದ ಗುಣಿಸಿ ನೋಡುವುದು ನಾನು ಎಲ್ಲರಿಗೂ ಹೇಳುವ ಮೊದಲ ಹೆಜ್ಜೆ. ಶೇ. 16 ಎಂದರೆ ಕಟ್ಟುವವರ ಪಾಲಿಗೆ ಅದು ಶೇ. 18.88. ಕಾರ್ಡಿನ ಕಂತನ್ನು ಬ್ಯಾಂಕಿನ ವೈಯಕ್ತಿಕ ಸಾಲದೊಂದಿಗೆ ಹೋಲಿಸುವಾಗ ಈ ಗುಣಾಕಾರ ಮರೆತುಹೋದರೆ ಹೋಲಿಕೆಯೇ ತಪ್ಪುತ್ತದೆ.

ಇಡೀ ವರ್ಷದ ಮೊತ್ತ ಹೀಗಾಗುತ್ತದೆ. ಹನ್ನೆರಡು ಕಂತುಗಳಲ್ಲಿ ಬಡ್ಡಿ ಸುಮಾರು 4,261, ಅದರ ಮೇಲಿನ ಜಿಎಸ್‌ಟಿ 767, ಶುಲ್ಕ ಜಿಎಸ್‌ಟಿ ಸೇರಿ 353. ಒಟ್ಟು 5,381 ರೂಪಾಯಿ. 48,000ದ ಫ್ರಿಜ್ ಅವರಿಗೆ 53,381ಕ್ಕೆ ಬಿದ್ದಂತಾಯಿತು. ಇದನ್ನು ನೋಡಿದೊಡನೆ ಹಲವರು 5,381ನ್ನು 48,000ದಿಂದ ಭಾಗಿಸಿ, ಶೇ. 11ರಷ್ಟೇ ತಾನೆ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಆದರೆ 48,000 ರೂಪಾಯಿಯ ಸಾಲ ಇರುವುದು ಮೊದಲ ತಿಂಗಳು ಮಾತ್ರ. ಪ್ರತಿ ಕಂತಿನೊಂದಿಗೆ ಅಸಲು ಇಳಿಯುತ್ತ ಹೋಗುವುದರಿಂದ, ವರ್ಷದುದ್ದಕ್ಕೂ ಅವರ ಬಳಿ ಇದ್ದ ಸಾಲದ ಸರಾಸರಿ ಸುಮಾರು 26,600 ರೂಪಾಯಿ. ಅಷ್ಟು ಹಣವನ್ನು ಒಂದು ವರ್ಷ ಬಳಸಿದ್ದಕ್ಕೆ 5,381 ರೂಪಾಯಿ ತೆತ್ತರು ಎಂದರೆ, ಎಲ್ಲ ಖರ್ಚೂ ಸೇರಿದ ನಿಜವಾದ ದರ ವರ್ಷಕ್ಕೆ ಶೇ. 20ನ್ನು ತುಸು ಮೀರುತ್ತದೆ.

ಈ ಉದಾಹರಣೆಯಲ್ಲಿ 299 ರೂಪಾಯಿ ಶುಲ್ಕದ ಭಾರ ಕಡಿಮೆ. ಅದು ದರಕ್ಕೆ ಶೇಕಡಾ ಒಂದಕ್ಕಿಂತ ಸ್ವಲ್ಪ ಹೆಚ್ಚನ್ನಷ್ಟೇ ಸೇರಿಸುತ್ತದೆ. ಅದೇ ಶುಲ್ಕ ಸಣ್ಣ ಖರೀದಿಗೆ ಬಿದ್ದಾಗ ಚಿತ್ರ ಪೂರ್ತಿ ಬದಲಾಗುತ್ತದೆ. 6,000 ರೂಪಾಯಿಯ ಮಿಕ್ಸರ್ ಒಂದನ್ನು ಅದೇ ಶೇ. 16ರ ದರದಲ್ಲಿ ಮೂರು ತಿಂಗಳ ಕಂತಿಗೆ ಬದಲಿಸಿದರೆ ಬಡ್ಡಿ ಸುಮಾರು 160, ಅದರ ಜಿಎಸ್‌ಟಿ 29; ಶುಲ್ಕ ಮಾತ್ರ ಆಗಲೂ 353. ಅಂದರೆ ಬಡ್ಡಿಯ ಎರಡು ಪಟ್ಟಿಗಿಂತ ಹೆಚ್ಚು ಹಣ ಶುಲ್ಕಕ್ಕೇ ಹೋಗುತ್ತದೆ. ಮೂರೇ ತಿಂಗಳಲ್ಲಿ ಇಳಿದುಹೋಗುವ ಆ ಪುಟ್ಟ ಸಾಲಕ್ಕೆ ಇವೆಲ್ಲವನ್ನೂ ವಾರ್ಷಿಕ ದರವಾಗಿ ಲೆಕ್ಕ ಹಾಕಿದರೆ ಶೇ. 50 ದಾಟುತ್ತದೆ. ಕಂತಿಗೆ ಬದಲಿಸದೆ ಬಾಕಿ ಉಳಿಸಿಕೊಂಡವರಿಗೆ ಬೀಳುವ, ತಿಂಗಳಿಗೆ ಶೇ. 3.5ರ ಆಸುಪಾಸಿನ ಬಡ್ಡಿಗೆ ಎಲ್ಲರೂ ಹೆದರುತ್ತಾರೆ. ಜಿಎಸ್‌ಟಿ ಸೇರಿಸಿದರೆ ಈ ಮಿಕ್ಸರಿನ ಕಂತೂ ಅದಕ್ಕಿಂತ ಅಗ್ಗವೇನಲ್ಲ. ಸಣ್ಣ ಮೊತ್ತ ಮತ್ತು ಕಡಿಮೆ ಅವಧಿ ಎರಡೂ ಕೂಡಿದಾಗ ಬಡ್ಡಿಯ ದರಕ್ಕಿಂತ ಮೊದಲು ಶುಲ್ಕವನ್ನೇ ನೋಡಬೇಕು.

ನನ್ನನ್ನು ಹೆಚ್ಚು ಕಳವಳಕ್ಕೀಡುಮಾಡುವುದು ಫೋನಿನಲ್ಲಿ ಬರುವ ಪ್ರಸ್ತಾಪಗಳು. "ತಿಂಗಳಿಗೆ ಒಂದೂಕಾಲು ಪರ್ಸೆಂಟ್ ಅಷ್ಟೇ" ಎಂದು ಕರೆ ಮಾಡಿದವರು ಹೇಳುತ್ತಾರೆ. ಕೇಳಿದವರು ಮನಸ್ಸಿನಲ್ಲೇ ಹನ್ನೆರಡರಿಂದ ಗುಣಿಸಿ, ವರ್ಷಕ್ಕೆ ಶೇ. 15, ಆ್ಯಪ್‌ನ ಶೇ. 16ಕ್ಕಿಂತ ಕಡಿಮೆ ಎಂದುಕೊಂಡು ಒಪ್ಪಿಬಿಡುತ್ತಾರೆ. ಆದರೆ ಹೀಗೆ ಹೇಳುವ ದರ ಹಲವು ಸಲ ಫ್ಲಾಟ್ ದರವಾಗಿರುತ್ತದೆ. ಅಂದರೆ ಅಸಲು ಎಷ್ಟೇ ಇಳಿದರೂ ಬಡ್ಡಿಯನ್ನು ಪ್ರತಿ ತಿಂಗಳೂ ಮೊದಲಿನ ಪೂರ್ತಿ 48,000 ರೂಪಾಯಿಯ ಮೇಲೆಯೇ ಲೆಕ್ಕ ಹಾಕಲಾಗುತ್ತದೆ. ತಿಂಗಳಿಗೆ 600ರಂತೆ ವರ್ಷಕ್ಕೆ 7,200 ರೂಪಾಯಿ ಬಡ್ಡಿ, ಕಂತು 4,600. ಶೇ. 16ರ ಇಳಿಯುವ ಬಾಕಿಯ ಲೆಕ್ಕದಲ್ಲಿ 4,261 ರೂಪಾಯಿ ಆಗುತ್ತಿದ್ದ ಬಡ್ಡಿ, ಶೇ. 15 ಎಂದು ಕೇಳಿಸಿದ ದರದಲ್ಲಿ 7,200 ಆಯಿತು. ಇದರ ನಿಜವಾದ ದರವನ್ನು ಕಂಪ್ಯೂಟರಿನ ಎಕ್ಸೆಲ್ ಹಾಳೆಯಲ್ಲಿ ಒಂದೇ ಸಾಲಿನಲ್ಲಿ ನೋಡಬಹುದು. ಕಂತಿನ ಸಂಖ್ಯೆ, ಮೈನಸ್ ಚಿಹ್ನೆಯೊಂದಿಗೆ ಕಂತಿನ ಮೊತ್ತ, ನಂತರ ಸಾಲದ ಮೊತ್ತ, ಈ ಕ್ರಮದಲ್ಲಿ ಬರೆಯಬೇಕು.

```
=RATE(12,-4600,48000)*12
```

ಉತ್ತರ ಸುಮಾರು 0.266 ಎಂದು ಬರುತ್ತದೆ, ವರ್ಷಕ್ಕೆ ಶೇ. 26.6, ಅದೂ ಜಿಎಸ್‌ಟಿ ಮತ್ತು ಶುಲ್ಕವನ್ನು ಸೇರಿಸುವ ಮೊದಲು.

ಎಕ್ಸೆಲ್ ಬಳಸದವರಿಗೆ ನಾನು ಹೇಳುವ ಪರೀಕ್ಷೆ ಎರಡನೆಯ ತಿಂಗಳ ಬಡ್ಡಿಯದು. ಮರುಪಾವತಿಯ ಪಟ್ಟಿಯನ್ನು ತರಿಸಿಕೊಂಡು, ಎರಡನೆಯ ಕಂತಿನ ಬಡ್ಡಿಯನ್ನು ಹನ್ನೆರಡರಿಂದ ಗುಣಿಸಿ, ಮೊದಲ ಕಂತಿನ ನಂತರ ಉಳಿದ ಅಸಲಿನಿಂದ ಭಾಗಿಸಬೇಕು. ಶಿಕ್ಷಕಿಯ ಲೆಕ್ಕದಲ್ಲಿ ಉಳಿದ ಅಸಲು 44,285, ಎರಡನೆಯ ತಿಂಗಳ ಬಡ್ಡಿ 590, ಭಾಗಿಸಿದರೆ ಶೇ. 16 ಬಂತು, ಹೇಳಿದ ದರ ನಿಜವಾಯಿತು. ಎರಡನೆಯ ತಿಂಗಳೂ ಬಡ್ಡಿ ಮೊದಲಿನಷ್ಟೇ ಇದ್ದರೆ ಅದು ಫ್ಲಾಟ್ ದರ. ಮೊದಲ ತಿಂಗಳನ್ನು ಬಿಟ್ಟು ಎರಡನೆಯದನ್ನು ನೋಡಿರೆಂದು ಹೇಳುವುದಕ್ಕೆ ಕಾರಣವಿದೆ. ಕಂತಿಗೆ ಬದಲಿಸಿದ ದಿನದಿಂದ ಬಿಲ್ಲಿನ ದಿನದವರೆಗಿನ ಬಿಡಿ ದಿನಗಳ ಬಡ್ಡಿಯನ್ನೂ ಕೆಲವು ಬ್ಯಾಂಕುಗಳು ಮೊದಲ ಕಂತಿಗೆ ಸೇರಿಸುವುದರಿಂದ, ಅಲ್ಲಿನ ಅಂಕಿ ದಾರಿ ತಪ್ಪಿಸಬಹುದು.

ಅಂಗಡಿಯಲ್ಲಿ ಸಿಗುವ 'ನೋ ಕಾಸ್ಟ್ ಇಎಂಐ' ಬೇರೆ ಬಗೆಯದು. ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು. ಇಲ್ಲಿಯೂ ಬಡ್ಡಿ ಇದೆ, ಆದರೆ ಅಷ್ಟು ಮೊತ್ತವನ್ನು ಮಾರಾಟಗಾರ ಅಥವಾ ತಯಾರಕ ರಿಯಾಯಿತಿಯಾಗಿ ಬಿಟ್ಟುಕೊಡುತ್ತಾನೆ. ಅದೇ ಫ್ರಿಜ್ಜಿಗೆ ತಿಂಗಳಿಗೆ 4,000ದಂತೆ 12 ಕಂತು ಎಂದರೆ, ಶೇ. 16ರ ದರದಲ್ಲಿ ಸಾಲವಾಗಿ ದಾಖಲಾಗುವುದು ಸುಮಾರು 44,086 ರೂಪಾಯಿ. ಉಳಿದ 3,914 ರಿಯಾಯಿತಿ, ಮತ್ತು ಅದೇ ಬಡ್ಡಿ. ಈ ಬಡ್ಡಿಯ ಮೇಲಿನ ಜಿಎಸ್‌ಟಿ ಸುಮಾರು 705 ಮತ್ತು ಶುಲ್ಕ 353 ಮಾತ್ರ ಕೊಂಡವರ ಮೇಲೆಯೇ ಬೀಳುತ್ತವೆ, ಅಂದರೆ ಖರ್ಚಿಲ್ಲದ ಕಂತಿಗೆ ಸಾವಿರ ರೂಪಾಯಿಗಿಂತ ಹೆಚ್ಚು ಖರ್ಚಾಗುತ್ತದೆ. ಆದರೂ ಇದು ಶಿಕ್ಷಕಿ ತೆತ್ತ 5,381ಕ್ಕಿಂತ ಬಹಳ ಕಡಿಮೆ ಎಂಬುದನ್ನು ಒಪ್ಪಬೇಕು. ಕೇಳಬೇಕಾದ ಪ್ರಶ್ನೆ ಒಂದೇ: ಪೂರ್ತಿ ಹಣ ಒಂದೇ ಸಲ ಕೊಟ್ಟರೆ ಬೆಲೆ ಎಷ್ಟು? ಅಂಗಡಿಯವರು ಆಗ 3,000 ರೂಪಾಯಿ ಇಳಿಸುವುದಾದರೆ, ಆ 3,000ವೂ ಕಂತಿನ ಖರ್ಚೇ.

ಈ ಅಂಕಿಗಳನ್ನು ಕೇಳಿ ಪಡೆಯುವುದು ಗ್ರಾಹಕರ ಹಕ್ಕು. ರಿಸರ್ವ್ ಬ್ಯಾಂಕಿನ ಕ್ರೆಡಿಟ್ ಮತ್ತು ಡೆಬಿಟ್ ಕಾರ್ಡ್ ನಿರ್ದೇಶನಗಳ ಪ್ರಕಾರ, ಖರೀದಿಯನ್ನು ಕಂತಿಗೆ ಬದಲಿಸುವ ಮೊದಲೇ ಅಸಲು, ಬಡ್ಡಿ ಮತ್ತು ಕೊಟ್ಟ ರಿಯಾಯಿತಿಯನ್ನು ಸ್ಪಷ್ಟವಾಗಿ ತೋರಿಸಬೇಕು, ಬಿಲ್ಲಿನಲ್ಲೂ ಅವನ್ನು ಪ್ರತ್ಯೇಕವಾಗಿ ನಮೂದಿಸಬೇಕು, ಬಡ್ಡಿ ಇರುವ ಕಂತನ್ನು ಬಡ್ಡಿರಹಿತ ಎಂದು ಮರೆಮಾಚಬಾರದು. ಆದ್ದರಿಂದ ಫೋನಿನಲ್ಲಿ ಒಪ್ಪಿಗೆ ಕೇಳಿದಾಗ, ಸಾಲದ ಮೊತ್ತ, ಇಳಿಯುವ ಬಾಕಿಯ ಮೇಲಿನ ವಾರ್ಷಿಕ ದರ, ಶುಲ್ಕ ಮತ್ತು ಕಂತುಗಳ ಪಟ್ಟಿಯನ್ನು ಇಮೇಲ್ ಮಾಡಿ, ನೋಡಿ ತಿಳಿಸುತ್ತೇನೆ ಎನ್ನಬೇಕು. ಆ್ಯಪ್‌ನಲ್ಲಾದರೆ ಒಪ್ಪಿಗೆಗೆ ಮುಂಚಿನ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬೇಕು. ಮುಂದೆ ಬಿಲ್ಲಿನೊಂದಿಗೆ ಹೋಲಿಸಲು ಅದೊಂದೇ ಆಧಾರ.

ಲೆಕ್ಕ ಸರಿಯಿದ್ದರೂ ಎರಡು ಕಡೆ ಅದು ಕೆಡುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಒಂದು, ಬಿಲ್ಲಿನ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುವುದು. ಕಂತು ಸೇರಿದ ಪೂರ್ತಿ ಮೊತ್ತವನ್ನು ಕಟ್ಟದಿದ್ದರೆ ಉಳಿದ ಬಾಕಿಗೆ ಕಾರ್ಡಿನ ಮಾಮೂಲಿ ಬಡ್ಡಿ ಬೀಳುತ್ತದೆ, ಶೇ. 16ರ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಇನ್ನೊಂದು, ವಸ್ತುವನ್ನು ಹಿಂದಿರುಗಿಸುವುದು. ಅಂಗಡಿಯವರು 48,000 ರೂಪಾಯಿಯನ್ನು ಕಾರ್ಡಿಗೆ ಮರಳಿಸಿದರೂ ಹಲವು ಬ್ಯಾಂಕುಗಳಲ್ಲಿ ಕಂತು ತಾನಾಗಿ ರದ್ದಾಗುವುದಿಲ್ಲ; ಮರಳಿದ ಹಣ ಕಾರ್ಡಿನಲ್ಲಿ ಜಮೆಯಾಗಿ ಕುಳಿತಿರುತ್ತದೆ, ಅತ್ತ ಪ್ರತಿ ತಿಂಗಳೂ ಬಡ್ಡಿ ಬೀಳುತ್ತಲೇ ಇರುತ್ತದೆ. ಹಣ ಮರಳಿದ ದಿನವೇ ಬ್ಯಾಂಕಿಗೆ ಬರೆದು ಕಂತನ್ನು ರದ್ದುಮಾಡಿಸಬೇಕು, ಅವಧಿಗೆ ಮೊದಲು ಮುಗಿಸುವ ಶುಲ್ಕ ಬೀಳುವುದೇ ಎಂದು ಅದೇ ಪತ್ರದಲ್ಲಿ ಕೇಳಬೇಕು. ಬಿಲ್ಲಿನ ಅಂಕಿ ಒಪ್ಪಿದ್ದಕ್ಕಿಂತ ಬೇರೆಯಾಗಿದ್ದರೂ ಇದೇ ಕ್ರಮ: ಲಿಖಿತ ದೂರು ಕೊಟ್ಟು ಅದರ ಸಂಖ್ಯೆಯನ್ನು ಇಟ್ಟುಕೊಳ್ಳಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಅದೇ ಸ್ಕ್ರೀನ್‌ಶಾಟ್ ಮತ್ತು ಬಿಲ್ಲುಗಳೊಂದಿಗೆ cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.