‘5ರಿಂದ 7 ದಿನ’ ಬೇಡ, ತಾರೀಕು ಬರೆಯಿರಿ

ಆನ್‌ಲೈನ್‌ನಲ್ಲಿ ಸೀರೆ ಮಾರುವ ಅಂಗಡಿಗಳ ಕಸ್ಟಮರ್ ಕೇರ್ ಹುಡುಗರಿಗೆ ನಾನು ತರಬೇತಿ ಕೊಡುತ್ತೇನೆ. ಆರ್ಡರ್ ಕ್ಯಾನ್ಸಲ್ ಮಾಡುವುದು ಅವರಿಗೆ ಕಷ್ಟದ ಕೆಲಸವೇ ಅಲ್ಲ. ಜಗಳ ಶುರುವಾಗುವುದು ಆಮೇಲೆ, ‘ದುಡ್ಡು ಇನ್ನೂ ಬಂದಿಲ್ಲ’ ಅನ್ನುವ ಫೋನಿನಿಂದ. ದುಡ್ಡು ಎಷ್ಟೋ ಸಲ ಸರಿಯಾಗಿಯೇ ಹೊರಟಿರುತ್ತದೆ. ಕಳಿಸಿದ ಮೆಸೇಜ್ ಮಾತ್ರ ಅರ್ಧಂಬರ್ಧ ಇರುತ್ತದೆ.

ಒಂದು ಉದಾಹರಣೆ ನೋಡೋಣ. ದಾವಣಗೆರೆಯ ಗ್ರಾಹಕರೊಬ್ಬರು 2,980 ರೂಪಾಯಿಯ ಇಳಕಲ್ ಸೀರೆ ಆರ್ಡರ್ ಮಾಡಿದರು ಅಂದುಕೊಳ್ಳಿ. ಅದರಲ್ಲಿ 500 ರೂಪಾಯಿ ಗಿಫ್ಟ್ ವೋಚರ್‌ನದು, ಉಳಿದ 2,480 ಡೆಬಿಟ್ ಕಾರ್ಡಿನದು. 2025ರ ನವೆಂಬರ್ 7, ಶುಕ್ರವಾರ ಸಂಜೆ ಕ್ಯಾನ್ಸಲ್ ಮಾಡಿದರು. ಅಂಗಡಿಯಿಂದ ಹೋದ ಮೆಸೇಜ್ ಇಷ್ಟೇ: ‘ನಿಮ್ಮ ಆರ್ಡರ್ ರದ್ದಾಗಿದೆ. ಹಣ 5ರಿಂದ 7 ವರ್ಕಿಂಗ್ ಡೇಗಳಲ್ಲಿ ಬರುತ್ತದೆ.’

ಗ್ರಾಹಕರು ಬೆರಳು ಮಡಚಿ ಏಳು ದಿನ ಎಣಿಸಿದರೆ 14ನೇ ತಾರೀಕು ಬರುತ್ತದೆ. ಬ್ಯಾಂಕಿನ ಲೆಕ್ಕ ಬೇರೆ. 8 ಎರಡನೇ ಶನಿವಾರ, 9 ಭಾನುವಾರ. ಸೋಮವಾರ 10ರಿಂದ ಎಣಿಕೆ ಶುರು. ಮೂರನೇ ಶನಿವಾರ ಬ್ಯಾಂಕ್ ಇರುತ್ತೆ, ಹಾಗಾಗಿ 15 ಆರನೇ ದಿನ. ಏಳನೆಯದು ಸೋಮವಾರ, 17. ಇಬ್ಬರ ಲೆಕ್ಕಕ್ಕೂ ಮೂರು ದಿನದ ವ್ಯತ್ಯಾಸ. ಕೋಪದ ಫೋನ್ ಬರುವುದು ಆ ಮೂರು ದಿನದಲ್ಲೇ. ಇನ್ನು 17ಕ್ಕೆ ಖಾತೆಗೆ 2,480 ಮಾತ್ರ ಬಂದಾಗ ಎರಡನೇ ಫೋನ್: ‘500 ಎಲ್ಲಿ ಹೋಯ್ತು?’

ಅದೇ ಮೆಸೇಜನ್ನು ನಾನಾದರೆ ಹೀಗೆ ಬರೆಸುತ್ತೇನೆ:

‘ನಮಸ್ಕಾರ ಮೇಡಂ. ನೀವು ಕೇಳಿದಂತೆ ಇಳಕಲ್ ಸೀರೆಯ ಆರ್ಡರ್ ಇವತ್ತು, ನವೆಂಬರ್ 7ರಂದು ರದ್ದಾಗಿದೆ. ಕ್ಯಾನ್ಸಲ್ ಮಾಡಿದ್ದಕ್ಕೆ ಏನೂ ಹಿಡಿದುಕೊಂಡಿಲ್ಲ. ವೋಚರಿನ 500 ರೂಪಾಯಿ ನಿಮ್ಮ ವೋಚರಿಗೇ ವಾಪಸಾಗಿದೆ, ಈಗಲೇ ನೋಡಬಹುದು. ಉಳಿದ 2,480 ನೀವು ಕೊಟ್ಟ ಡೆಬಿಟ್ ಕಾರ್ಡಿನ ಖಾತೆಗೇ ಬರುತ್ತದೆ. ನಮ್ಮ ಕಡೆಯಿಂದ ಇವತ್ತೇ ಕಳಿಸಿದ್ದೇವೆ. ಬ್ಯಾಂಕ್ ಜಮಾ ಮಾಡಲು ನವೆಂಬರ್ 17, ಸೋಮವಾರದವರೆಗೆ ಆಗಬಹುದು. ಅಷ್ಟರಲ್ಲಿ ಬರದಿದ್ದರೆ ಇದೇ ನಂಬರಿಗೆ ತಿಳಿಸಿ, ಬ್ಯಾಂಕಿಗೆ ತೋರಿಸಲು ರೆಫರೆನ್ಸ್ ನಂಬರ್ ಕೊಡುತ್ತೇವೆ. ರೀಫಂಡಿಗಾಗಿ ನಾವು ಒಟಿಪಿ, ಪಿನ್ ಕೇಳುವುದಿಲ್ಲ.’

ಇದರಲ್ಲಿ ‘ನಮ್ಮ ಕಡೆಯಿಂದ ಇವತ್ತೇ ಕಳಿಸಿದ್ದೇವೆ’ ಅನ್ನುವ ಸಾಲು ನಿಜವಾಗಿದ್ದರೆ ಮಾತ್ರ ಹಾಕಬೇಕು. ಗ್ರಾಹಕರು ಕ್ಯಾನ್ಸಲ್ ಒತ್ತಿದ ತಕ್ಷಣ ರೀಫಂಡ್ ಹೊರಡುತ್ತದೆ ಅಂತೇನಿಲ್ಲ. ಪೇಮೆಂಟ್ ಗೇಟ್‌ವೇಯ ಡ್ಯಾಶ್‌ಬೋರ್ಡಿನಲ್ಲಿ ಯಾರೋ ಒಬ್ಬರು ಒಪ್ಪಿಗೆ ಕೊಡಬೇಕಾದ ಅಂಗಡಿಗಳೂ ಇವೆ. ಅಕೌಂಟ್ಸಿನವರು ಶನಿವಾರ ರಜೆ ಹಾಕಿದ್ದರೆ ಅದು ಸೋಮವಾರದವರೆಗೆ ಸುಮ್ನೆ ಕೂತಿರುತ್ತದೆ. ಪಾರ್ಸೆಲ್ ಆಗಲೇ ಕೊರಿಯರ್ ಕೈ ಸೇರಿದ್ದರೂ ಅಷ್ಟೇ. ಆಗ ‘ರದ್ದಾಗಿದೆ’ ಅನ್ನಬಾರದು. ‘ನಿಮ್ಮ ಕೋರಿಕೆ ಸಿಕ್ಕಿದೆ, ಪಾರ್ಸೆಲ್ ನಮ್ಮ ಗೋಡೌನಿಗೆ ವಾಪಸ್ ಬಂದ ಮೇಲೆ ಹಣ ಕಳಿಸುತ್ತೇವೆ’ ಅನ್ನಬೇಕು. ಹೊರಟ ಮೇಲೆ ಇನ್ನೊಂದು ಮೆಸೇಜ್ ಹಾಕಿ, ತಾರೀಕು ಅದರಲ್ಲಿರಲಿ.

ರೆಫರೆನ್ಸ್ ನಂಬರ್ ಅಂದೆನಲ್ಲ, ಕಾರ್ಡಿನ ರೀಫಂಡಿಗೆ ಅದು ಎಆರ್‌ಎನ್, 23 ಅಂಕಿಗಳದ್ದು. ಯುಪಿಐಗೆ 12 ಅಂಕಿಗಳ ಆರ್‌ಆರ್‌ಎನ್. ನಮ್ಮ ಆರ್ಡರ್ ನಂಬರ್ ಹಿಡಿದು ಬ್ಯಾಂಕಿಗೆ ಹೋದರೆ ಅವರಿಗೆ ಏನೂ ಸಿಗುವುದಿಲ್ಲ, ಈ ನಂಬರ್ ಇದ್ದರೆ ಹುಡುಕಬಹುದು. ಕಾರ್ಡಿಗೆ ಅದು ಗೇಟ್‌ವೇಯಿಂದ ಬರುವುದೇ ಒಂದೆರಡು ದಿನ ತಡವಾಗಿ. ಅದಕ್ಕೇ ಮೊದಲ ಮೆಸೇಜಿನಲ್ಲಿ ಹಾಕಲಿಲ್ಲ.

ಕ್ರೆಡಿಟ್ ಕಾರ್ಡಿನಲ್ಲಿ ಇನ್ನೊಂದು ಗೊಂದಲ ಉಂಟು. ಹಣ ಇನ್ನೂ ಅಂಗಡಿಗೆ ಹೋಗದೆ, ಬ್ಯಾಂಕ್ ತಡೆದಿಟ್ಟು ಬರೀ ಹೋಲ್ಡ್ ಆಗಿರುವಾಗಲೇ ಕ್ಯಾನ್ಸಲ್ ಆದರೆ ಆ ಹೋಲ್ಡ್ ಬಿಡುಗಡೆಯಾಗುತ್ತೆ, ಬೇರೆ ಜಮಾ ಎಂಟ್ರಿ ಕಾಣುವುದಿಲ್ಲ. ಗ್ರಾಹಕರು ಸ್ಟೇಟ್‌ಮೆಂಟಿನಲ್ಲಿ ಇಲ್ಲದ ರೀಫಂಡನ್ನು ಹುಡುಕುತ್ತಾ ಕೂರುತ್ತಾರೆ. ‘ಮೂಲ ಎಂಟ್ರಿಯೇ ಅಳಿಸಿಹೋಗಬಹುದು’ ಅಂತ ಒಂದು ಮಾತು ಸೇರಿಸಿದರೆ ಸಾಕು.

‘ತಡವಾದರೆ ದಿನಕ್ಕೆ 100 ರೂಪಾಯಿ ಕೊಡಬೇಕು, ಆರ್‌ಬಿಐ ರೂಲ್ ಇದೆ’ ಅನ್ನುವವರೂ ಸಿಗುತ್ತಾರೆ. 2019ರ ಆ ಸುತ್ತೋಲೆ ಇರುವುದು ಫೇಲ್ ಆದ ವಹಿವಾಟುಗಳಿಗೆ. ಪೇಮೆಂಟ್ ಸರಿಯಾಗಿ ಆಗಿ, ಆಮೇಲೆ ಗ್ರಾಹಕರೇ ಆರ್ಡರ್ ರದ್ದು ಮಾಡಿದ್ದಕ್ಕೆ ಅದು ಅನ್ವಯಿಸಲ್ಲ. ಇ-ಕಾಮರ್ಸ್‌ಗೆಂದೇ 2020ರಲ್ಲಿ ಬಂದ ಗ್ರಾಹಕ ರಕ್ಷಣಾ ನಿಯಮಗಳು ಒಪ್ಪಿಕೊಂಡ ರೀಫಂಡನ್ನು ಸಮಂಜಸ ಅವಧಿಯಲ್ಲಿ ಕೊಡಿ ಅನ್ನುತ್ತವೆ. ಇದನ್ನು ವಾದ ಮಾಡದೆ ಎರಡು ಮಾತಲ್ಲಿ ಹೇಳಿ, ರೆಫರೆನ್ಸ್ ನಂಬರ್ ಕೊಟ್ಟುಬಿಡಿ.

ಕ್ಯಾಶ್ ಆನ್ ಡೆಲಿವರಿ ಆರ್ಡರಿಗೂ ಮೆಸೇಜ್ ಬೇಕಾ ಅಂತ ಹುಡುಗರು ಕೇಳುತ್ತಾರೆ. ಬೇಕೇ ಬೇಕು. ‘ನೀವು ಹಣ ಕಟ್ಟಿಲ್ಲ, ಹಾಗಾಗಿ ರೀಫಂಡ್ ಇಲ್ಲ’ ಅಂತ ಬರೆದಿರದಿದ್ದರೆ, ಮರುದಿನ ಯಾರೋ ಫೋನ್ ಮಾಡಿ ‘ನಿಮ್ಮ ರೀಫಂಡ್ ಬಂದಿದೆ, ಯುಪಿಐ ಪಿನ್ ಹಾಕಿ’ ಅಂದಾಗ ಗ್ರಾಹಕರು ನಂಬಿಬಿಡಬಹುದು.