ಫೋಟೊದಲ್ಲಿ ಯಂತ್ರವಿದೆ, ನೀವೆಲ್ಲಿದ್ದೀರಿ?

ಸರ್ಟಿಫಿಕೇಟ್ ಇಲ್ಲದೆ, ಕೆಲಸ ಮಾಡುತ್ತಲೇ ಕೆಲಸ ಕಲಿತವರ ಕೌಶಲ ಅಳೆಯುವುದು ನನ್ನ ಉದ್ಯೋಗ. ಎದುರಿಗೆ ಕೂತವರು ಮೊದಲು ಮೊಬೈಲ್ ತೆಗೆಯುತ್ತಾರೆ. ‘ನೋಡಿ ಸರ್, ಇದು ನಾನೇ ಸರಿ ಮಾಡಿದ್ದು.’ ಫೋಟೊದಲ್ಲಿ ಓಡುತ್ತಿರುವ ಯಂತ್ರ ಇರುತ್ತದೆ. ಅದು ಕೆಟ್ಟಿತ್ತು ಎಂಬುದಕ್ಕೆ ಪುರಾವೆ ಇಲ್ಲ, ಸರಿ ಮಾಡಿದವರು ಇವರೇ ಎಂಬುದಕ್ಕೂ ಇಲ್ಲ. ನಾನು ನಂಬುವುದಿಲ್ಲ ಅಂತಲ್ಲ. ನಂಬಿದ್ದೇನೆ ಎಂದು ವರದಿಯಲ್ಲಿ ಬರೆಯಲು ಬರುವುದಿಲ್ಲ, ಅಷ್ಟೇ.

ಮಾಡಿದ ಕೆಲಸಗಳ ದಾಖಲೆ ಪುಸ್ತಕ ಇಟ್ಟವರೂ ಸಾಮಾನ್ಯವಾಗಿ ಇದೇ ತಪ್ಪು ಮಾಡುತ್ತಾರೆ: ಕೆಲಸ ಮುಗಿದ ಮೇಲಿನದ್ದನ್ನು ಮಾತ್ರ ಬರೆಯುತ್ತಾರೆ. ಸಂಶಯವಿದ್ದರೆ ನಿಮ್ಮ ಪುಸ್ತಕದ ಯಾವುದಾದರೂ ಪುಟ ತೆಗೆದು, ಕೈ ಹಾಕುವ ಮೊದಲು ಪರಿಸ್ಥಿತಿ ಹೇಗಿತ್ತು ಎಂಬುದು ಅಲ್ಲಿದೆಯೇ ನೋಡಿ.

ಪ್ಯಾಕಿಂಗ್ ಯಂತ್ರಗಳ ಮೇಂಟೆನೆನ್ಸ್ ಮಾಡುವ ಹೆಣ್ಣುಮಗಳೊಬ್ಬಳು ಬಂದಿದ್ದಳು. ಕಲಿತದ್ದೆಲ್ಲ ಯಂತ್ರದ ಪಕ್ಕದಲ್ಲೇ ನಿಂತು. ಅವಳ ಪುಸ್ತಕದಲ್ಲಿ ಒಂದು ಸಾಲು ಹೀಗಿತ್ತು: ‘ಸೆನ್ಸರ್ ತೊಂದರೆ ಸರಿಪಡಿಸಿದೆ, ಯಂತ್ರ ಈಗ ಚೆನ್ನಾಗಿ ಓಡುತ್ತಿದೆ.’ ಇದರಿಂದ ನನಗೇನೂ ತಿಳಿಯಲಿಲ್ಲ. ಆದರೆ ಕೇಳುತ್ತ ಹೋದಂತೆ ಒಳ್ಳೆಯ ಕೆಲಸವೇ ಹೊರಬಂತು.

ಕವರ್ ಹಾಳೆಯ ಮೇಲೆ ಅಚ್ಚಾದ ಗುರುತನ್ನು ಸೆನ್ಸರ್ ಓದಬೇಕು. ಅದು ತಪ್ಪಿದರೆ ಕತ್ತರಿ ಬೇರೆ ಕಡೆ ಬಿದ್ದು ಯಂತ್ರ ನಿಲ್ಲುತ್ತದೆ. ಆರು ಶಿಫ್ಟ್‌ಗಳಲ್ಲಿ 11 ಸಲ ನಿಂತಿತ್ತು. ಮೊದಲು ಅವಳು ಹಾಳೆಯ ರೋಲ್ ಬದಲಿಸಿದಳು, ಮುದ್ರಣ ಮಾಸಲಾಗಿರಬಹುದೆಂದು. ಮತ್ತೆ ನಿಂತಿತು. ಸೆನ್ಸರ್ ಗಾಜು ಒರೆಸಿದಳು; ಒಂದು ದಿನ ಸರಿಯಿದ್ದು ಮತ್ತೆ ಅದೇ ರಗಳೆ. ಕೊನೆಗೆ ಬೆರಳಿನಿಂದ ಅಲ್ಲಾಡಿಸಿ ನೋಡಿದಾಗ ಸೆನ್ಸರ್ ಹಿಡಿದ ಬ್ರಾಕೆಟ್ಟೇ ಸಡಿಲವಾಗಿತ್ತು. ಯಂತ್ರ ನಡುಗಿದಂತೆಲ್ಲ ಸೆನ್ಸರ್ ಜರುಗುತ್ತಿತ್ತು. ಸ್ಪ್ರಿಂಗ್ ವಾಷರ್ ಹಾಕಿ ನಟ್ಟು ಬಿಗಿದಳು. ಮುಂದಿನ ಆರು ಶಿಫ್ಟ್‌ನಲ್ಲಿ ಎರಡೇ ಸಲ ನಿಂತಿತು, ಎರಡೂ ಸಲ ರೋಲ್ ಮುಗಿದದ್ದಕ್ಕೆ.

‘ಇದನ್ನೆಲ್ಲ ಬರೆಯಬೇಕಾ ಸರ್? ಮೊದಲ ಎರಡೂ ತಪ್ಪಿದ್ದಲ್ವಾ?’ ಎಂದಳು. ಬರೆಯಬೇಕು ತಾಯಿ, ಅದೇ ಮುಖ್ಯ. ನಟ್ಟು ಬಿಗಿಯಲು ಯಾರಿಗಾದರೂ ಬರುತ್ತದೆ. ರೋಲ್ ಅಲ್ಲ, ಗಾಜಿನ ಧೂಳೂ ಅಲ್ಲ ಎಂದು ಒಂದೊಂದನ್ನೇ ಪಕ್ಕಕ್ಕೆ ಸರಿಸಿದ್ದು ಅವಳ ಕೌಶಲ. ನಾನು ಅಂಕ ಕೊಡುವುದು ಅದಕ್ಕೆ.

11 ಎಂಬ ಸಂಖ್ಯೆ ಎಲ್ಲಿಂದ ಬಂತೆಂದು ಕೇಳಿದೆ. ಆಪರೇಟರ್‌ಗಳು ಬರೆಯುವ ಶಿಫ್ಟ್ ರಿಜಿಸ್ಟರ್‌ನಿಂದ ಎಣಿಸಿದ್ದಳಂತೆ, ಆದರೆ ಪುಸ್ತಕಕ್ಕೆ ಇಳಿಸಿರಲಿಲ್ಲ. ರಿಜಿಸ್ಟರ್‌ನ ಫೋಟೊ ಹೊಡೆದುಕೊಂಡು ಹೊರಗೆ ತರಬೇಡಿ. ಅದು ಕಂಪನಿಯ ಸ್ವತ್ತು, ಒಪ್ಪಿಗೆ ಇಲ್ಲದಿದ್ದರೆ ನಿಮಗೇ ತೊಂದರೆ. ಎಣಿಕೆಯನ್ನು, ಅದೂ ಗುಟ್ಟಿನ ವಿಷಯ ಅಲ್ಲದಿದ್ದರೆ, ನಿಮ್ಮ ಪುಸ್ತಕದಲ್ಲಿ ಬರೆದು, ಪಕ್ಕದಲ್ಲಿ ಸೂಪರ್‌ವೈಸರ್ ಕೈಲಿ ತಾರೀಖಿನ ಜೊತೆ ಸಹಿ ಹಾಕಿಸಿ. ಆಮೇಲೆ ನಾನು ಅವರಿಗೆ ಫೋನ್ ಮಾಡಿ ಕೇಳಬಹುದು. ಕೆಲವು ಕಡೆ ಸಹಿ ಹಾಕಲು ಹಿಂಜರಿಯುತ್ತಾರೆ, ಆಗ ನೋಡಿದವರ ಹೆಸರು, ಹುದ್ದೆ ಬರೆದಿಟ್ಟರೂ ಇಲ್ಲದ್ದಕ್ಕಿಂತ ವಾಸಿ.

ಪುಟವೊಂದಕ್ಕೆ ಹತ್ತು ನಿಮಿಷ ಸಾಕು, ಆದರೆ ಅವತ್ತೇ ಬರೆಯಬೇಕು. ಎರಡು ವರ್ಷದ ದಾಖಲೆಯನ್ನು ಸಂದರ್ಶನದ ಹಿಂದಿನ ರಾತ್ರಿ ಕೂತು ಬರೆದವರು ನನಗೆ ಗೊತ್ತಾಗುತ್ತಾರೆ: ಒಂದೇ ಪೆನ್ನು, ಒಂದೇ ಓರೆಯ ಅಕ್ಷರ, ಕಾಟು ಹಾಕಿದ್ದಿಲ್ಲ, ಎಲ್ಲ ಕೆಲಸವೂ ಗೆದ್ದಿರುತ್ತದೆ. ನೆನಪಿನಿಂದ ಬರೆಯಲೇಬೇಕಾದರೆ ಬರೆಯಿರಿ, ‘ನೆನಪಿನಿಂದ’ ಎಂದು ಮೇಲೆ ಹಾಕಿ. ಮುಚ್ಚಿಟ್ಟದ್ದು ಒಂದು ಪುಟದಲ್ಲಿ ಸಿಕ್ಕರೆ ಉಳಿದ ಪುಟಗಳನ್ನೂ ನಾನು ಅನುಮಾನದಿಂದಲೇ ಓದುತ್ತೇನೆ.

ಆ ಹೆಣ್ಣುಮಗಳು ಮೂರು ತಿಂಗಳ ನಂತರ ಮತ್ತೆ ಬಂದಳು. ಪುಸ್ತಕದ ಒಂದು ಪುಟಕ್ಕೆ ಎಣ್ಣೆ ಅಂಟಿತ್ತು. ಸೀಲ್ ಮಾಡುವ ಹೀಟರ್ ಬಗ್ಗೆ ನಾಲ್ಕು ಊಹೆ ಬರೆದು, ನಾಲ್ಕಕ್ಕೂ ಕಾಟು ಹಾಕಿ, ಕೆಳಗೆ ‘ಇನ್ನೂ ಸಿಕ್ಕಿಲ್ಲ, ಎಲೆಕ್ಟ್ರಿಷಿಯನ್ ಕರೆಸಿದೆ’ ಎಂದಿತ್ತು. ಅರ್ಧ ಗಂಟೆ ನಾವು ಆ ಪುಟದ ಬಗ್ಗೆಯೇ ಮಾತಾಡಿದೆವು.